ಮೇಜಿನಿಂದ ಬಿದ್ದ ಹಾರ್ಡ್ ಡಿಸ್ಕ್ ಕರಕರ ಎನ್ನುತ್ತಿದೆಯೇ? ಮತ್ತೊಮ್ಮೆ ಆನ್ ಮಾಡುವ ಮುನ್ನ

ನಿಮ್ಮ ಹಾರ್ಡ್ ಡಿಸ್ಕ್ ಮೇಜಿನಿಂದ ನೆಲಕ್ಕೆ ಬಿದ್ದಿದ್ದು, ಅದರೊಳಗಿಂದ ಈಗ ಕರಕರ ಎಂದು ಉಜ್ಜುವ ಸದ್ದು ಬರುತ್ತಿದ್ದರೆ, ಈ ಲೇಖನದ ಉಳಿದ ಭಾಗವನ್ನು ಓದುವ ಮೊದಲು ಅದರ ಕೇಬಲ್ ಕಿತ್ತುಬಿಡಿ. ಎಜೆಕ್ಟ್ ಆಯ್ಕೆಯನ್ನು ಹುಡುಕುತ್ತಾ ಕೂರಬೇಡಿ, ನಕಲಾಗುತ್ತಿರುವ ಫೈಲ್ ಮುಗಿಯಲಿ ಎಂದೂ ಕಾಯಬೇಡಿ. ಮಾಮೂಲಿ ದಿನಗಳಲ್ಲಿ ಹೀಗೆ ಕೇಬಲ್ ಎಳೆಯುವುದು ಸರಿಯಲ್ಲ, ನಿಜ. ಆದರೆ ಹಾಗೆ ಎಳೆದದ್ದರಿಂದ ಒಂದೆರಡು ಫೈಲ್‌ಗಳು ಅರ್ಧಕ್ಕೆ ನಿಂತರೆ ಆಗುವ ನಷ್ಟ ಚಿಕ್ಕದು. ಸದ್ದು ಮುಂದುವರಿದರೆ ಆಗುವ ನಷ್ಟಕ್ಕೆ ಮಿತಿಯಿಲ್ಲ.

ಇಲ್ಲಿ ಹೇಳುತ್ತಿರುವುದು ಒಳಗೆ ತಿರುಗುವ ತಟ್ಟೆಗಳಿರುವ ಹಾರ್ಡ್ ಡಿಸ್ಕ್ ಬಗ್ಗೆ, ಅದರಲ್ಲೂ ಯುಎಸ್‌ಬಿ ಕೇಬಲ್‌ನಿಂದಲೇ ವಿದ್ಯುತ್ ಪಡೆಯುವ ಎರಡೂವರೆ ಇಂಚಿನ ಪೋರ್ಟಬಲ್ ಡ್ರೈವ್ ಬಗ್ಗೆ. ಮೇಜಿನ ಅಂಚಿನಲ್ಲಿ ಇಡುವುದು, ಕೇಬಲ್‌ಗೆ ಕೈ ತಾಗಿ ಬೀಳಿಸುವುದು ಹೆಚ್ಚಾಗಿ ಇದನ್ನೇ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗಗಳೇ ಇಲ್ಲದಿರುವುದರಿಂದ ಅದು ಬಿದ್ದು ಕೆಟ್ಟರೂ ಇಂಥ ಸದ್ದು ಮಾಡುವುದಿಲ್ಲ.

ಮುಂದೆ ಹೇಳುವುದೆಲ್ಲ ನಿಂತಿರುವುದು ಒಂದು ಮಾತಿನ ಮೇಲೆ. ಬಿದ್ದ ಪೆಟ್ಟು ಸಾಮಾನ್ಯವಾಗಿ ಹಾಳುಮಾಡುವುದು ತಟ್ಟೆಯ ಮೇಲಿನ ಡೇಟಾ ಓದುವ ಪುಟ್ಟ ಹೆಡ್‌ಗಳನ್ನು; ಹಾಳಾದ ಹೆಡ್‌ಗಳನ್ನು ಇಟ್ಟುಕೊಂಡೇ ಮತ್ತೆ ಪವರ್ ಕೊಟ್ಟಾಗ ಹಾಳಾಗುವುದು ಡೇಟಾ ಇರುವ ತಟ್ಟೆ. ಹೆಡ್‌ಗಳನ್ನು ಅದೇ ಮಾದರಿಯ ಇನ್ನೊಂದು ಡ್ರೈವ್‌ನಿಂದ ತೆಗೆದು ಜೋಡಿಸಬಹುದು. ತಟ್ಟೆಯ ಮೇಲಿನ ಕಾಂತೀಯ ಪದರ ಒಮ್ಮೆ ಕೆರೆದುಹೋದರೆ ಆ ಜಾಗದಲ್ಲಿದ್ದ ಡೇಟಾವನ್ನು ಮರಳಿ ತರುವ ಉಪಾಯ ಯಾರ ಬಳಿಯೂ ಇಲ್ಲ.

ಪೆಟ್ಟು ಎಷ್ಟು ದೊಡ್ಡದು

ಎರಡೂವರೆ ಇಂಚಿನ ಡ್ರೈವ್‌ನೊಳಗೆ ಸುಮಾರು 65 ಮಿಲಿಮೀಟರ್ ವ್ಯಾಸದ ಒಂದೋ ಎರಡೋ ತಟ್ಟೆಗಳಿರುತ್ತವೆ. ಅವು ಹೆಚ್ಚಾಗಿ ಗಾಜಿನವು. ಅವುಗಳ ಮೇಲೆ ತೆಳುವಾದ ಕಾಂತೀಯ ಲೇಪ, ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಇಂಗಾಲದ ರಕ್ಷಾಪದರ, ಎಲ್ಲಕ್ಕಿಂತ ಮೇಲೆ ಜಾರುಗೆಯ ಒಂದು ಲೇಪ. ಒಂದು ತಟ್ಟೆಗೆ ಎರಡು ಮುಖ, ಪ್ರತಿ ಮುಖಕ್ಕೆ ಒಂದು ಹೆಡ್. ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುವಾಗ ಅದರೊಂದಿಗೆ ಸುತ್ತುವ ಗಾಳಿಯ ಪದರದ ಮೇಲೆ ಹೆಡ್ ತೇಲುತ್ತದೆ, ಮತ್ತು ಓದುವ ಕ್ಷಣದಲ್ಲಿ ಹೆಡ್‌ಗೂ ತಟ್ಟೆಗೂ ನಡುವೆ ಉಳಿಯುವ ಅಂತರ ಕೆಲವೇ ನ್ಯಾನೋಮೀಟರ್. ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್ ಎಂಬುದನ್ನು ನೆನೆದರೆ ಈ ಅಂತರ ಎಷ್ಟು ಕಿರಿದು ಎಂಬುದು ತಿಳಿಯುತ್ತದೆ. ಡ್ರೈವ್ ಆಫ್ ಆದಾಗ ಹೆಡ್‌ಗಳು ತಟ್ಟೆಯ ಮೇಲೆ ಇರುವುದಿಲ್ಲ; ತಟ್ಟೆಯ ಹೊರ ಅಂಚಿನ ಪಕ್ಕದಲ್ಲಿರುವ ಪ್ಲಾಸ್ಟಿಕ್ಕಿನ ಇಳಿಜಾರಿನ ಮೇಲೆ ಹತ್ತಿ ನಿಲ್ಲುತ್ತವೆ. ಆ ಇಳಿಜಾರಿಗೆ ರ‍್ಯಾಂಪ್ ಎಂದು ಹೆಸರು.

75 ಸೆಂಟಿಮೀಟರ್ ಎತ್ತರದ ಮೇಜಿನಿಂದ ಬಿದ್ದ ವಸ್ತು ಸುಮಾರು 0.39 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಆಗ ಅದರ ವೇಗ ಸೆಕೆಂಡಿಗೆ 3.8 ಮೀಟರ್. ಕೇಳಲು ಇದು ದೊಡ್ಡ ವೇಗವಲ್ಲ. ಆದರೆ ಅಪಾಯ ಇರುವುದು ವೇಗಕ್ಕಿಂತ ಹೆಚ್ಚಾಗಿ, ಆ ವೇಗ ಎಷ್ಟು ದೂರದೊಳಗೆ ಸೊನ್ನೆಯಾಗುತ್ತದೆ ಎಂಬುದರಲ್ಲಿ. ಗಟ್ಟಿ ನೆಲಕ್ಕೆ ಬಡಿದು ಒಂದು ಮಿಲಿಮೀಟರ್ ಒಳಗೆ ನಿಂತಿತು ಎಂದುಕೊಂಡರೆ, ಡ್ರೈವ್ ಅನುಭವಿಸುವ ಸರಾಸರಿ ಆಘಾತ ಗುರುತ್ವಾಕರ್ಷಣೆಯ ಸುಮಾರು 750 ಪಟ್ಟು. ದಪ್ಪ ಜಮಖಾನೆಯ ಮೇಲೆ ಬಿದ್ದು ಐದು ಮಿಲಿಮೀಟರ್ ಕುಸಿದು ನಿಂತರೆ ಅದೇ ಪೆಟ್ಟು 150 ಪಟ್ಟಿಗೆ ಇಳಿಯುತ್ತದೆ. ಇಂಥ ಡ್ರೈವ್‌ಗಳ ತಾಂತ್ರಿಕ ವಿವರಗಳಲ್ಲಿ ಸಾಮಾನ್ಯವಾಗಿ ಕಾಣುವ ಸಹನಾಮಿತಿ ಓಡುತ್ತಿರುವಾಗ 400 ಪಟ್ಟಿನ ಆಸುಪಾಸು, ಆಫ್ ಆಗಿರುವಾಗ 1000 ಪಟ್ಟಿನ ಆಸುಪಾಸು. ಆ ಮಿತಿಗಳನ್ನು ಅಳೆಯುವುದು ನಿರ್ದಿಷ್ಟ ಅವಧಿಯ ಆಘಾತಕ್ಕೆ, ಆದ್ದರಿಂದ ಈ ಹೋಲಿಕೆ ಸ್ಥೂಲವಾದುದು. ಆದರೂ ಒಂದೇ ಎತ್ತರದಿಂದ ಬಿದ್ದ ಎರಡು ಡ್ರೈವ್‌ಗಳಲ್ಲಿ ಒಂದಕ್ಕೆ ಏನೂ ಆಗದೆ ಇನ್ನೊಂದು ಯಾಕೆ ಸತ್ತಿತು ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿದೆ.

ಓಡುತ್ತಿರುವಾಗ ಬಿದ್ದರೆ ಹೆಡ್ ತಟ್ಟೆಯಿಂದ ಮೇಲಕ್ಕೆ ಪುಟಿದು ಮತ್ತೆ ಅದರ ಮೇಲೆಯೇ ಬಡಿಯುತ್ತದೆ. ಅದರ ಚೂಪು ಮೂಲೆ ತಟ್ಟೆಯಲ್ಲಿ ಸಣ್ಣ ಗುಳಿ ಮಾಡುತ್ತದೆ. ಹೆಡ್ಡನ್ನು ಹಿಡಿದಿರುವ, ಕಾಗದದಷ್ಟು ತೆಳುವಾದ ಲೋಹದ ಪಟ್ಟಿ ಬಾಗುತ್ತದೆ. ಆಫ್ ಆಗಿರುವಾಗ ಬಿದ್ದರೆ ತಟ್ಟೆಗೆ ನೇರವಾಗಿ ಏನೂ ಆಗದೆ ಇರಬಹುದು, ಆದರೆ ರ‍್ಯಾಂಪ್ ಮೇಲಿದ್ದ ಹೆಡ್‌ಗಳು ಒಂದಕ್ಕೊಂದು ಬಡಿದು ಸೊಟ್ಟಗಾಗಬಹುದು, ಇಲ್ಲವೇ ರ‍್ಯಾಂಪ್‌ನಿಂದ ಕಳಚಿ ನಿಂತ ತಟ್ಟೆಯ ಮೇಲೆ ಕುಳಿತುಬಿಡಬಹುದು. ಈ ಎರಡನೆಯ ಸಂದರ್ಭವನ್ನು ಗಮನವಿಟ್ಟು ನೋಡಿ. ಡ್ರೈವ್ ಬಿದ್ದಿದೆ, ಹೆಡ್ ಕೆಟ್ಟಿದೆ, ಆದರೆ ತಟ್ಟೆ ಇನ್ನೂ ಹೊಸದರಂತೆ ನುಣ್ಣಗಿದೆ, ಡೇಟಾ ಪೂರ್ತಿಯಾಗಿ ಅಲ್ಲೇ ಇದೆ. ಅದನ್ನು ಕೆಡಿಸುವುದು ನಂತರ ಪರೀಕ್ಷೆಗೆಂದು ಆನ್ ಮಾಡುವ ಕೈ.

ಆನ್ ಮಾಡಿದ ಮೊದಲ ಅರ್ಧ ನಿಮಿಷದಲ್ಲಿ ನಡೆಯುವುದು

ಫೋಲ್ಡರ್ ತೆರೆಯದೆ ಸುಮ್ಮನೆ ಪ್ಲಗ್ ಮಾಡಿ ನೋಡುತ್ತೇನೆ, ಅದರಿಂದೇನು ಎಂದು ಹಲವರು ಕೇಳುತ್ತಾರೆ. ಡ್ರೈವ್ ನಿಮ್ಮ ಕ್ಲಿಕ್‌ಗಾಗಿ ಕಾಯುವುದಿಲ್ಲ. ವಿದ್ಯುತ್ ಸಿಕ್ಕ ಕೆಲವೇ ಸೆಕೆಂಡುಗಳಲ್ಲಿ ಮೋಟಾರ್ ಪೂರ್ಣ ವೇಗಕ್ಕೆ ಬರುತ್ತದೆ, ಡ್ರೈವ್‌ನ ಒಳಗಿನ ತಂತ್ರಾಂಶವಾದ ಫರ್ಮ್‌ವೇರ್ ಎಲ್ಲ ಹೆಡ್‌ಗಳನ್ನೂ ಒಟ್ಟಿಗೆ ರ‍್ಯಾಂಪ್‌ನಿಂದ ತಟ್ಟೆಯ ಮೇಲಕ್ಕೆ ಇಳಿಸುತ್ತದೆ. ಡ್ರೈವ್ ಕೆಲಸ ಮಾಡಲು ಬೇಕಾದ ಆಂತರಿಕ ಮಾಹಿತಿಯ ದೊಡ್ಡ ಭಾಗವೂ ತಟ್ಟೆಯ ಮೇಲೆಯೇ ಇರುವುದರಿಂದ, ಹೆಡ್‌ಗಳು ಅದನ್ನು ಹುಡುಕುತ್ತಾ ಅತ್ತಿಂದಿತ್ತ ಓಡುತ್ತವೆ. ಸಿಗದಿದ್ದರೆ ಮತ್ತೆ ಹುಡುಕುತ್ತವೆ; ಈ ಮರುಪ್ರಯತ್ನಗಳನ್ನು ಹೊರಗಿನಿಂದ ನಿಲ್ಲಿಸುವ ಬಟನ್ ಇಲ್ಲ. ಅದೃಷ್ಟಕ್ಕೆ ಸಿಕ್ಕಿತೆಂದರೆ ಕಂಪ್ಯೂಟರ್ ತನ್ನ ಪಾಲಿನ ಕೆಲಸ ಶುರುಮಾಡುತ್ತದೆ: ವಿಭಾಗಗಳ ಪಟ್ಟಿ ಓದುವುದು, ಫೈಲ್ ಪಟ್ಟಿ ಓದುವುದು, ಚಿತ್ರಗಳ ಥಂಬ್‌ನೇಲ್ ತಯಾರಿಸುವುದು, ಆಂಟಿವೈರಸ್ ತಪಾಸಣೆ. ಪರದೆಯ ಮೇಲೆ ಏನೂ ಕಾಣದಿದ್ದಾಗಲೂ ಒಳಗೆ ಹೆಡ್‌ಗಳು ಬಿಡುವಿಲ್ಲದೆ ಓಡಾಡುತ್ತಿರುತ್ತವೆ.

ಈಗ ಒಂದು ಹೆಡ್ ಸೊಟ್ಟಗಾಗಿದೆ ಎಂದುಕೊಳ್ಳಿ. ಅದು ತೇಲಲಾರದೆ ತಟ್ಟೆಗೆ ತಗುಲಿಕೊಂಡೇ ಇರುತ್ತದೆ. ನಿಮಿಷಕ್ಕೆ 5400 ಸುತ್ತು ಎಂದರೆ ಸೆಕೆಂಡಿಗೆ 90 ಸುತ್ತು. ತಟ್ಟೆಯ ಹೊರ ಅಂಚಿನಲ್ಲಿ ಒಂದು ಸುತ್ತಿನ ಉದ್ದ ಸುಮಾರು 20 ಸೆಂಟಿಮೀಟರ್, ಆದ್ದರಿಂದ ಅಲ್ಲಿ ತಟ್ಟೆ ಹೆಡ್‌ನ ಕೆಳಗೆ ಗಂಟೆಗೆ ಸುಮಾರು 66 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಪರೀಕ್ಷೆಗೆಂದು ಇಪ್ಪತ್ತು ಸೆಕೆಂಡು ಆನ್ ಇಟ್ಟರೆ 1800 ಸುತ್ತು, ಅಂದರೆ ಮುನ್ನೂರು ಮೀಟರಿಗೂ ಹೆಚ್ಚು ಉದ್ದದ ಉಜ್ಜಾಟ; ಅದೂ ಕೆಲವೇ ನ್ಯಾನೋಮೀಟರ್ ದಪ್ಪದ ರಕ್ಷಾಪದರದ ಮೇಲೆ. ರಕ್ಷಾಪದರ ಹೋದ ಮೇಲೆ ಕಾಂತೀಯ ಲೇಪ ಏಳುತ್ತದೆ, ಅದೂ ಹೋದ ಮೇಲೆ ಬರಿ ಗಾಜು ಕಾಣುತ್ತದೆ. ಹಾಗಾದ ತಟ್ಟೆಯನ್ನು ಬೆಳಕಿಗೆ ಹಿಡಿದರೆ ಉಂಗುರದ ಆಕಾರದ ಗೆರೆಗಳು ಕಣ್ಣಿಗೇ ಕಾಣುತ್ತವೆ, ಕೆಲವೊಮ್ಮೆ ಆ ಉಂಗುರದ ಮೂಲಕ ಆಚೆ ಬದಿ ಕಾಣುವಷ್ಟು.

ಕಣ್ಣಿಗೆ ಕಾಣುವಷ್ಟು ಅಗಲದ ಗೆರೆ ಎಂದರೆ ಡೇಟಾದ ಲೆಕ್ಕದಲ್ಲಿ ಬಹಳ ದೊಡ್ಡದು. ಈಚಿನ ಡ್ರೈವ್‌ಗಳಲ್ಲಿ ಒಂದು ಮಿಲಿಮೀಟರ್ ಅಗಲದೊಳಗೆ ಡೇಟಾ ಬರೆಯುವ ವೃತ್ತಾಕಾರದ ಸಾಲುಗಳು, ಅಂದರೆ ಟ್ರ್ಯಾಕ್‌ಗಳು, ಸುಮಾರು ಹತ್ತು ಸಾವಿರ ಅಕ್ಕಪಕ್ಕ ಕೂರುತ್ತವೆ, ಪ್ರತಿ ಟ್ರ್ಯಾಕ್‌ನಲ್ಲಿ ಒಂದು ಎಂಬಿಯ ಆಸುಪಾಸು ಡೇಟಾ ಇರುತ್ತದೆ. ಹಾಗಾಗಿ ಒಂದು ಮಿಲಿಮೀಟರ್ ಅಗಲದ ಉಂಗುರವೊಂದು ಸುಮಾರು ಹತ್ತು ಜಿಬಿಯನ್ನು ಒರೆಸಿಹಾಕುತ್ತದೆ.

ಇಷ್ಟಕ್ಕೇ ನಿಂತಿದ್ದರೂ ಒಂದು ಮುಖದ ಒಂದು ಉಂಗುರ ಹೋಯಿತು ಎಂದು ಸಮಾಧಾನಪಟ್ಟುಕೊಳ್ಳಬಹುದಿತ್ತು. ಆದರೆ ಕೆರೆದು ಎದ್ದ ಪುಡಿ ಡ್ರೈವ್ ಒಳಗೇ ಸುತ್ತುತ್ತದೆ. ಒಳಗಿನ ಗಾಳಿಯನ್ನು ಸೋಸಲು ಒಂದು ಪುಟ್ಟ ಫಿಲ್ಟರ್ ಇದೆ, ಅದು ಅಲ್ಪಸ್ವಲ್ಪ ಧೂಳಿಗೆ ಸಾಕು. ಈ ಪ್ರಮಾಣದ ಪುಡಿಗೆ ಅಲ್ಲ. ಪುಡಿಯ ಒಂದೊಂದು ಕಣವೂ ಹೆಡ್ ತೇಲುವ ಅಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದು ಇನ್ನೊಂದು ಮುಖದಲ್ಲಿ ಆರೋಗ್ಯವಾಗಿದ್ದ ಹೆಡ್‌ನ ಕೆಳಗೆ ಸಿಕ್ಕಿಕೊಂಡು ಅಲ್ಲಿಯೂ ಗೀರು ಹಾಕುತ್ತದೆ, ಆ ಗೀರಿನಿಂದ ಮತ್ತಷ್ಟು ಪುಡಿ ಏಳುತ್ತದೆ. ಒಂದು ಹೆಡ್‌ನಿಂದ ಶುರುವಾದ ಹಾನಿ ಹೀಗೆ ಉಳಿದ ಹೆಡ್‌ಗಳಿಗೂ ಮುಖಗಳಿಗೂ ಹರಡುತ್ತದೆ. ಪ್ರತಿ ಬಾರಿ ಆನ್ ಮಾಡಿದಾಗಲೂ ಇದು ಹಿಂದಿನ ಬಾರಿ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಈಗ ಮಾಡಬೇಕಾದದ್ದು, ಒಂದೊಂದಾಗಿ

ಮೊದಲು ಪವರ್ ತೆಗೆಯಿರಿ. ಪೋರ್ಟಬಲ್ ಡ್ರೈವ್ ಆದರೆ ಕಂಪ್ಯೂಟರ್ ಕಡೆಯ ಯುಎಸ್‌ಬಿ ತುದಿಯನ್ನು ಎಳೆಯಿರಿ. ಡ್ರೈವ್ ಕಡೆಯ ತುದಿಯನ್ನು ಎಳೆಯಲು ಹೋದರೆ ಇನ್ನೂ ತಿರುಗುತ್ತಿರುವ ಡ್ರೈವ್ ಅಲುಗಾಡುತ್ತದೆ. ಲ್ಯಾಪ್‌ಟಾಪ್ ಒಳಗಿನ ಡ್ರೈವ್ ಆದರೆ ಪವರ್ ಬಟನ್ನನ್ನು ಅದು ಪೂರ್ತಿ ಆರುವವರೆಗೆ ಒತ್ತಿಹಿಡಿಯಿರಿ. ಡೆಸ್ಕ್‌ಟಾಪ್‌ಗೆ ಗೋಡೆಯ ಸ್ವಿಚ್ ಆರಿಸಿದರೆ ಸಾಕು. ವಿದ್ಯುತ್ ಹೋದ ಕ್ಷಣ ಡ್ರೈವ್ ತಿರುಗುತ್ತಿರುವ ತಟ್ಟೆಯ ಶಕ್ತಿಯನ್ನೇ ಬಳಸಿಕೊಂಡು ಹೆಡ್‌ಗಳನ್ನು ರ‍್ಯಾಂಪ್‌ಗೆ ಎಳೆದುಕೊಳ್ಳಲು ಯತ್ನಿಸುತ್ತದೆ, ತಟ್ಟೆ ನಿಲ್ಲಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಅದಕ್ಕಾಗಿ ಅರ್ಧ ನಿಮಿಷ ಡ್ರೈವ್ ಬಿದ್ದ ಸ್ಥಿತಿಯಲ್ಲಿಯೇ ಇರಲಿ, ಆಮೇಲೆ ಎತ್ತಿಕೊಳ್ಳಿ.

ಎತ್ತಿಕೊಂಡ ಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವ ಆಸೆಯನ್ನು ತಡೆದುಕೊಳ್ಳಿ. ಒಳಗೆ ಏನಾದರೂ ಕಳಚಿದ್ದರೆ ಅದು ತಟ್ಟೆಯ ಮೇಲೆ ಓಡಾಡುವುದು ಬೇಡ. ಡ್ರೈವನ್ನು ಸಮತಟ್ಟಾದ ಜಾಗದಲ್ಲಿ ಇಡಿ, ಅದರ ಮೇಲೆ ‘ಆನ್ ಮಾಡಬೇಡಿ’ ಎಂದು ಬರೆದ ಚೀಟಿ ಅಂಟಿಸಿ. ಈ ಚೀಟಿ ಹುಡುಗಾಟವಲ್ಲ. ಮನೆಯಲ್ಲೋ ಕಚೇರಿಯಲ್ಲೋ ಒಳ್ಳೆಯ ಮನಸ್ಸಿನ ಇನ್ನೊಬ್ಬರು ತಮ್ಮ ಲ್ಯಾಪ್‌ಟಾಪ್‌ಗೆ ಹಾಕಿ ನೋಡುವುದರಿಂದ ಹಾಳಾಗುವ ಡ್ರೈವ್‌ಗಳು ಕಡಿಮೆಯೇನಲ್ಲ.

ನಂತರ, ನೆನಪು ಹಸಿಯಾಗಿರುವಾಗಲೇ, ನಡೆದದ್ದನ್ನು ಬರೆದಿಡಿ. ಬೀಳುವಾಗ ಡ್ರೈವ್ ಓಡುತ್ತಿತ್ತೋ ಆಫ್ ಆಗಿತ್ತೋ, ಎಷ್ಟು ಎತ್ತರದಿಂದ ಎಂಥ ನೆಲದ ಮೇಲೆ ಬಿತ್ತು, ಬಿದ್ದ ಮೇಲೆ ಎಷ್ಟು ಬಾರಿ ಎಷ್ಟು ಹೊತ್ತು ಆನ್ ಮಾಡಿದಿರಿ, ಯಾವ ಸದ್ದು ಕೇಳಿಸಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಬೇಕೇಬೇಕಾದ ಫೋಲ್ಡರ್‌ಗಳ ಹೆಸರನ್ನು ಆದ್ಯತೆಯ ಕ್ರಮದಲ್ಲಿ ಬರೆಯಿರಿ. ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದರೆ ಅದರ ಪಾಸ್‌ವರ್ಡ್ ಅಥವಾ ರಿಕವರಿ ಕೀ ಈಗಲೇ ಹುಡುಕಿಡಿ, ಏಕೆಂದರೆ ಅದಿಲ್ಲದೆ ತಟ್ಟೆಯಿಂದ ಪ್ರತಿಯೊಂದು ಬಿಟ್ ಓದಿದರೂ ಫೈಲ್ ತೆರೆಯುವುದಿಲ್ಲ.

ಇದಾದ ಮೇಲೆ ಬೇರೆ ಪ್ರತಿ ಎಲ್ಲಿಯಾದರೂ ಇದೆಯೇ ಎಂದು ತಾಳ್ಮೆಯಿಂದ ನೋಡಿ: ಹಳೆಯ ಲ್ಯಾಪ್‌ಟಾಪ್, ಫೋನ್, ಕ್ಯಾಮೆರಾದ ಕಾರ್ಡ್, ಇಮೇಲ್ ಅಟ್ಯಾಚ್‌ಮೆಂಟ್, ಕ್ಲೌಡ್ ಖಾತೆ. ಮುಂದಿನ ಎಲ್ಲ ತೀರ್ಮಾನಗಳೂ ಇದರ ಮೇಲೆ ನಿಲ್ಲುತ್ತವೆ. ಎಲ್ಲ ಬೇರೆಡೆ ಸಿಕ್ಕಿತೆಂದರೆ ಆ ಡ್ರೈವನ್ನು ನೀವು ಏನು ಮಾಡಿದರೂ ನಷ್ಟವಿಲ್ಲ. ಸಿಗದಿದ್ದರೆ ಅದಕ್ಕೆ ಮುಂದಿನ ಬಾರಿ ವಿದ್ಯುತ್ ಕೊಡುವವರು ಅದನ್ನು ತೆರೆದು ಒಳಗೆ ನೋಡಿದವರಾಗಿರಬೇಕು.

ಸದ್ದನ್ನು ಗುರುತಿಸುವುದು

ಈಗಾಗಲೇ ಕೇಳಿಸಿಕೊಂಡ ಸದ್ದನ್ನು ನೆನಪಿನಿಂದ ವಿವರಿಸಿದರೆ ಸಾಕು. ಮತ್ತೊಮ್ಮೆ ಕೇಳಿಸಿಕೊಳ್ಳಲೆಂದು ಆನ್ ಮಾಡುವ ಅಗತ್ಯವಿಲ್ಲ. ತಟ್ಟೆ ತಿರುಗುವಷ್ಟು ಹೊತ್ತೂ ಬಿಡದೆ ಬರುವ ಕರಕರ, ಕಿರ್ರ್ ಎನ್ನುವ ಉಜ್ಜಾಟ ಎಂದರೆ ಹೆಡ್ ಅಥವಾ ಅದರ ಲೋಹದ ಪಟ್ಟಿ ತಟ್ಟೆಗೆ ತಾಗುತ್ತಿದೆ ಎಂದೇ ಭಾವಿಸಬೇಕು. ಎಲ್ಲ ಸದ್ದುಗಳಲ್ಲಿ ಕೆಟ್ಟದ್ದು ಇದೇ. ಒಂದೇ ಅಂತರದಲ್ಲಿ ಟಕ್, ಟಕ್ ಎಂದು ಹೊಡೆದು ಕೊನೆಗೆ ನಿಂತುಬಿಡುವುದು, ಹೆಡ್ ತನ್ನ ಜಾಗ ಕಂಡುಕೊಳ್ಳಲಾಗದೆ ಕೊನೆಯವರೆಗೆ ಹೋಗಿ ಬಡಿದು ಮರಳುತ್ತಿರುವುದರ ಗುರುತು. ಸಣ್ಣ ಪೀಪಿಯಂತೆ ಅಥವಾ ಗುಂಯ್ ಎಂದು ಮಿಡಿಯುತ್ತಾ, ತಟ್ಟೆ ತಿರುಗುವ ಕಂಪನವೇ ಕೈಗೆ ಸಿಗದಿದ್ದರೆ, ಮೋಟಾರ್ ತಿರುಗಲು ಯತ್ನಿಸಿ ಸೋಲುತ್ತಿದೆ ಎಂದರ್ಥ: ಹೆಡ್‌ಗಳು ನಿಂತ ತಟ್ಟೆಗೆ ಅಂಟಿಕೊಂಡಿರಬಹುದು ಅಥವಾ ಮೋಟಾರಿನ ಬೇರಿಂಗ್ ಬಿಗಿದಿರಬಹುದು. ವಿಚಿತ್ರವೆಂದರೆ ಈ ಕೊನೆಯ ಸಂದರ್ಭದಲ್ಲಿ ತಟ್ಟೆ ತಿರುಗದೆ ಉಳಿದದ್ದೇ ಡೇಟಾವನ್ನು ಕಾಪಾಡಿರುವ ಸಾಧ್ಯತೆ ಇದೆ. ಪದೇಪದೇ ಪ್ಲಗ್ ಮಾಡಿ ಅದನ್ನು ಬಲವಂತವಾಗಿ ತಿರುಗಿಸಿದರೆ ಅಂಟಿದ ಹೆಡ್ ಕಿತ್ತುಕೊಂಡು ಬರುತ್ತದೆ.

ಮೋಸಮಾಡುವ ಲಕ್ಷಣವೊಂದಿದೆ. ಕರಕರ ಸದ್ದಿನ ನಡುವೆಯೇ ಡ್ರೈವ್ ಕಂಪ್ಯೂಟರಿನಲ್ಲಿ ಕಾಣಿಸಿಕೊಂಡು ಫೋಲ್ಡರ್‌ಗಳ ಹೆಸರನ್ನೂ ತೋರಿಸಬಹುದು. ಫೈಲ್ ಪಟ್ಟಿ ಇರುವ ಭಾಗವನ್ನು ಓದುವ ಹೆಡ್ ಚೆನ್ನಾಗಿದ್ದು ಬೇರೊಂದು ಹೆಡ್ ಸೊಟ್ಟಗಾಗಿರುವಾಗ ಹೀಗಾಗುತ್ತದೆ. ಹೆಸರು ಕಂಡಿತಲ್ಲ, ಬೇಗ ನಾಲ್ಕು ಫೋಲ್ಡರ್ ನಕಲಿಸಿಕೊಂಡುಬಿಡೋಣ ಎಂಬ ಯೋಚನೆ ಸಹಜವಾಗಿಯೇ ಬರುತ್ತದೆ. ಆದರೆ ಎಲ್ಲ ಹೆಡ್‌ಗಳೂ ಒಂದೇ ತೋಳಿಗೆ ಜೋಡಿಸಲ್ಪಟ್ಟು ಒಟ್ಟಿಗೇ ಚಲಿಸುತ್ತವೆ. ಒಳ್ಳೆಯ ಹೆಡ್ ನಿಮ್ಮ ಫೈಲ್ ಓದಲು ಹೋದಲ್ಲೆಲ್ಲ ಕೆಟ್ಟ ಹೆಡ್ ತನ್ನ ಮುಖವನ್ನು ಅದೇ ಅಗಲಕ್ಕೆ ಕೆರೆಯುತ್ತಾ ಹೋಗುತ್ತದೆ.

ಒಂದು ಉದಾಹರಣೆ

ಎರಡು ತಟ್ಟೆ, ನಾಲ್ಕು ಹೆಡ್ ಇರುವ ಒಂದು ಟಿಬಿ ಪೋರ್ಟಬಲ್ ಡ್ರೈವ್ ಫೋಟೋಗಳನ್ನು ನಕಲಿಸುತ್ತಿರುವಾಗ ಮೇಜಿನಿಂದ ಬಿತ್ತು ಎಂದಿಟ್ಟುಕೊಳ್ಳೋಣ. ನಾಲ್ಕರಲ್ಲಿ ಒಂದು ಹೆಡ್ ಬಾಗಿದೆ, ಬಡಿದ ಜಾಗದಲ್ಲಿ ತಟ್ಟೆಗೆ ಒಂದು ಗುಳಿ ಬಿದ್ದಿದೆ, ಸದ್ದು ಶುರುವಾಗಿದೆ.

ಮಾಲೀಕರು ಐದು ಸೆಕೆಂಡಿನಲ್ಲಿ ಕೇಬಲ್ ಎಳೆದು, ಮುಂದೆ ಮುಟ್ಟದೆ ಡೇಟಾ ರಿಕವರಿ ಲ್ಯಾಬ್‌ಗೆ ಕೊಟ್ಟರು ಎನ್ನೋಣ. ಅಷ್ಟರಲ್ಲಿ 450 ಸುತ್ತು ಆಗಿದೆ. ಒಂದು ಮುಖದಲ್ಲಿ ಒಂದು ಕಿರಿದಾದ ಗೆರೆ ಬಿದ್ದಿದೆ. ಲ್ಯಾಬ್‌ನವರು ಪುಡಿಯನ್ನು ತೆಗೆದು, ಹೆಡ್‌ಗಳನ್ನು ಬದಲಿಸಿ, ಮೊದಲು ಗೀರಿಲ್ಲದ ಮೂರು ಮುಖಗಳನ್ನು ಓದುತ್ತಾರೆ. ಡ್ರೈವ್ ಡೇಟಾವನ್ನು ಒಂದು ಮುಖ ತುಂಬಿದ ಮೇಲೆ ಇನ್ನೊಂದು ಎಂಬಂತೆ ಬರೆಯುವುದಿಲ್ಲ, ಸ್ವಲ್ಪ ಸ್ವಲ್ಪ ಅಂತರಕ್ಕೆ ಮುಖ ಬದಲಿಸುತ್ತಾ ಹೋಗುತ್ತದೆ. ಆದ್ದರಿಂದ ಮೂರು ಮುಖಗಳು ಸಿಕ್ಕರೆ ಸುಮಾರು ಮುಕ್ಕಾಲು ಪಾಲು ಡೇಟಾ ಕೈಗೆ ಬರುತ್ತದೆ. ಫೋಟೋ ಮತ್ತು ದಾಖಲೆಯಂಥ ಸಣ್ಣ ಫೈಲ್‌ಗಳು ಹೆಚ್ಚಾಗಿ ಒಂದೇ ಮುಖದ ಒಂದೇ ತುಂಡಿನಲ್ಲಿ ಇರುವುದರಿಂದ ಪೂರ್ತಿಯಾಗಿ ಉಳಿಯುತ್ತವೆ. ಹಲವು ಜಿಬಿಯ ವಿಡಿಯೊ ಮಾತ್ರ ನಾಲ್ಕೂ ಮುಖಗಳಲ್ಲಿ ಹಂಚಿಹೋಗಿರುವ ಕಾರಣ ನಡುನಡುವೆ ತೂತು ಬೀಳುತ್ತದೆ. ಆಮೇಲೆ ನಾಲ್ಕನೆಯ ಮುಖವನ್ನು, ಗೆರೆ ಇರುವ ಅಗಲವನ್ನು ದಾಟಿಸಿ, ಸಿಕ್ಕಷ್ಟು ಓದುತ್ತಾರೆ. ಅಂತಿಮ ನಷ್ಟ ಕೆಲವು ಜಿಬಿಗೆ ಸೀಮಿತವಾಗಬಹುದು.

ಇನ್ನೊಂದು ದಾರಿ ನೋಡಿ. ಮಾಲೀಕರು ಕೇಬಲ್ ಬದಲಿಸಿ ಒಮ್ಮೆ, ಪೋರ್ಟ್ ಬದಲಿಸಿ ಒಮ್ಮೆ, ಬೇರೆ ಕಂಪ್ಯೂಟರಿಗೆ ಹಾಕಿ ಒಮ್ಮೆ ನೋಡಿದರು. ಮೂರನೆಯ ಬಾರಿ ದುರಸ್ತಿ ಮಾಡಲೇ ಎಂದು ಕಂಪ್ಯೂಟರ್ ಕೇಳಿದಾಗ ಹೌದು ಎಂದು ಹತ್ತು ನಿಮಿಷ ಬಿಟ್ಟರು. ಹತ್ತು ನಿಮಿಷವೆಂದರೆ 54,000 ಸುತ್ತು. ದುರಸ್ತಿಯ ತಂತ್ರಾಂಶ ಡ್ರೈವ್ ಉದ್ದಗಲಕ್ಕೂ ಹೆಡ್‌ಗಳನ್ನು ಓಡಿಸಿದೆ. ಗೆರೆ ಇದ್ದ ಜಾಗದಲ್ಲಿ ಈಗ ಅಗಲವಾದ ಪಟ್ಟಿಯಿದೆ, ಪುಡಿ ಉಳಿದ ಮುಖಗಳಲ್ಲಿಯೂ ಗೀರು ಹಾಕಿದೆ. ಓದಲಾಗದ ಫೈಲ್ ಪಟ್ಟಿಯನ್ನು ಸರಿಪಡಿಸಲು ಹೋಗಿ ಆ ತಂತ್ರಾಂಶ ಉಳಿದ ಪಟ್ಟಿಯನ್ನೂ ತಿದ್ದಿಬರೆದಿರಬಹುದು. ಇಂಥ ತಟ್ಟೆಯ ಮೇಲೆ ಹೊಸ ಹೆಡ್ ಇಳಿಸಿದರೆ ಅದೂ ನಿಮಿಷಗಳಲ್ಲಿ ಹಾಳಾಗುತ್ತದೆ, ಕೆಲವು ಬಾರಿ ಲ್ಯಾಬ್ ಕೆಲಸವನ್ನೇ ಒಪ್ಪಿಕೊಳ್ಳುವುದಿಲ್ಲ. ಬಿದ್ದ ಪೆಟ್ಟು ಎರಡೂ ಕಡೆ ಒಂದೇ ಆಗಿತ್ತು.

ಮಾಡಬಾರದ ಮದ್ದುಗಳು

ಡ್ರೈವನ್ನು ಫ್ರೀಜರ್‌ನಲ್ಲಿಟ್ಟು ತೆಗೆಯುವುದು, ಮೇಜಿಗೆ ಮೆಲ್ಲಗೆ ತಟ್ಟುವುದು, ಮುಚ್ಚಳ ಬಿಚ್ಚಿ ಹೆಡ್ಡನ್ನು ಬೆರಳಿನಿಂದ ಸರಿಸುವುದು ಇವು ಪದೇಪದೇ ಕೇಳಿಬರುವ ಸಲಹೆಗಳು. ತಣ್ಣಗಾದ ಡ್ರೈವನ್ನು ಹೊರತೆಗೆದಾಗ ತಟ್ಟೆಯ ಮೇಲೆ ತೇವ ಕಟ್ಟುತ್ತದೆ. ತಟ್ಟುವುದು ಎಂದರೆ ಎರಡನೆಯ ಬಾರಿ ಬೀಳಿಸಿದಂತೆ. ಮುಚ್ಚಳ ತೆರೆದರೆ ಕೋಣೆಯ ಮಾಮೂಲಿ ಧೂಳು ತಟ್ಟೆಯ ಮೇಲೆ ಕೂರುತ್ತದೆ, ಆ ಧೂಳಿನ ಕಣ ಏನು ಮಾಡುತ್ತದೆ ಎಂಬುದನ್ನು ಮೇಲೆ ನೋಡಿದೆವು. ಹಸಿರು ಸರ್ಕ್ಯೂಟ್ ಬೋರ್ಡ್ ಬದಲಿಸುವುದೂ ಇಲ್ಲಿ ಕೆಲಸಕ್ಕೆ ಬಾರದು: ಬಿದ್ದಾಗ ಕೆಡುವುದು ಸಾಮಾನ್ಯವಾಗಿ ಬೋರ್ಡ್ ಅಲ್ಲ, ಮೇಲಾಗಿ ಆ ಡ್ರೈವ್‌ಗೆಂದೇ ಹೊಂದಿಸಿದ ಮೌಲ್ಯಗಳು ಹಳೆಯ ಬೋರ್ಡ್‌ನ ಚಿಪ್‌ನಲ್ಲಿರುತ್ತವೆ.

ಡೇಟಾ ರಿಕವರಿ ಸಾಫ್ಟ್‌ವೇರ್ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಅಳಿಸಿದ ಫೈಲ್, ಫಾರ್ಮ್ಯಾಟ್ ಆದ ಡ್ರೈವ್‌ಗಳಿಗೆ ಅದು ಒಳ್ಳೆಯ ಸಾಧನ. ಆದರೆ ಅದು ಕೆಲಸ ಮಾಡುವುದು ಹೆಡ್‌ಗಳ ಮೂಲಕವೇ, ತಟ್ಟೆಯನ್ನು ಮೊದಲಿಂದ ಕೊನೆಯವರೆಗೆ ಓದಿಸಿಯೇ. ಉಜ್ಜುವ ಸದ್ದಿರುವ ಡ್ರೈವ್‌ಗೆ ಇದಕ್ಕಿಂತ ಕೆಟ್ಟ ಚಿಕಿತ್ಸೆ ಬೇರೆ ಇಲ್ಲ.

ಬಿದ್ದಿದೆ, ಆದರೆ ಇನ್ನೂ ಆನ್ ಮಾಡಿಲ್ಲ

ಇದು ನಿಜಕ್ಕೂ ಕಷ್ಟದ ಪ್ರಶ್ನೆ. ಆಫ್ ಆಗಿದ್ದಾಗ ಬಿದ್ದ ಡ್ರೈವ್‌ಗಳಲ್ಲಿ ಹಲವು ಚೆನ್ನಾಗಿಯೇ ಇರುತ್ತವೆ, ಪ್ರತಿಯೊಂದನ್ನೂ ಲ್ಯಾಬ್‌ಗೆ ಕಳಿಸಿ ಎನ್ನುವುದು ವ್ಯವಹಾರದ ಮಾತಲ್ಲ. ನನ್ನ ಅಭಿಪ್ರಾಯದಲ್ಲಿ, ಅದರಲ್ಲಿರುವುದು ಬೇರೆಲ್ಲೂ ಇಲ್ಲದ, ಮತ್ತೆ ಹುಟ್ಟಿಸಲಾಗದ ಡೇಟಾ ಆಗಿದ್ದು ಬಿದ್ದದ್ದು ಗಟ್ಟಿ ನೆಲದ ಮೇಲಾದರೆ, ಆನ್ ಮಾಡುವ ಮೊದಲೇ ಒಳಗನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸುವುದು ಸರಿ. ಉಳಿದ ಸಂದರ್ಭಗಳಲ್ಲಿ ಅಪಾಯವನ್ನು ಅರಿತು ಒಮ್ಮೆ ಆನ್ ಮಾಡಬಹುದು. ಆಗ ಸುತ್ತ ನಿಶ್ಶಬ್ದವಿರಲಿ, ಕೈ ಕೇಬಲ್ ಮೇಲೆಯೇ ಇರಲಿ, ಅಸಹಜವಾದ ಸದ್ದು ಬಂದ ಕ್ಷಣವೇ ಎಳೆಯಿರಿ. ಸದ್ದು ಎಂದಿನಂತೆಯೇ ಇದ್ದು ಡ್ರೈವ್ ತೆರೆದುಕೊಂಡರೆ, ಬೇರೇನೂ ಮಾಡದೆ ಅತಿ ಮುಖ್ಯವಾದುದನ್ನು ಮೊದಲು ನಕಲಿಸಿಕೊಳ್ಳಿ. ಲಿನಕ್ಸ್ ಬಳಸುವವರು ಇಡೀ ಡ್ರೈವ್‌ನ ಪ್ರತಿಯನ್ನು ಇನ್ನೊಂದು ಡಿಸ್ಕ್‌ಗೆ ಹೀಗೆ ತೆಗೆಯಬಹುದು. `sdX` ಇರುವಲ್ಲಿ ಬಿದ್ದ ಡ್ರೈವ್‌ನ ಹೆಸರು ಬರಬೇಕು, ಮತ್ತು ಈ ಆದೇಶವನ್ನು ನಡೆಸಬೇಕಾದದ್ದು ಪ್ರತಿಯನ್ನು ಉಳಿಸುವ ಡಿಸ್ಕ್‌ನ ಫೋಲ್ಡರ್‌ನಿಂದ.

```
sudo ddrescue -d -n /dev/sdX disk.img disk.map
```

ಇಲ್ಲಿನ `-n` ಎಂಬುದು ಓದಲು ತೊಡಕಾಗುವ ಜಾಗಗಳನ್ನು ಕೆದಕದೆ ಸುಲಭವಾಗಿ ಸಿಗುವುದನ್ನು ಪಡೆದುಕೊಳ್ಳಲು ಹೇಳುತ್ತದೆ; ಎಲ್ಲಿಯವರೆಗೆ ಓದಿತು ಎಂಬುದು `disk.map` ಫೈಲ್‌ನಲ್ಲಿ ಉಳಿಯುತ್ತದೆ. ನಕಲಿನ ವೇಗ ಇದ್ದಕ್ಕಿದ್ದಂತೆ ಕುಸಿದರೆ ಅಥವಾ ಟಕ್ ಎಂಬ ಸದ್ದು ಶುರುವಾದರೆ ಅಲ್ಲಿಗೇ ನಿಲ್ಲಿಸಿ ಪವರ್ ತೆಗೆಯಬೇಕು.

ಲ್ಯಾಬ್‌ಗೆ ಕೊಡುವಾಗ

ಮೊದಲು ಕೇಳಬೇಕಾದ ಪ್ರಶ್ನೆ: ಪವರ್ ಕೊಡುವ ಮುನ್ನ ಡ್ರೈವ್ ತೆರೆದು ಹೆಡ್ ಮತ್ತು ತಟ್ಟೆಗಳನ್ನು ನೋಡುತ್ತೀರಾ? ‘ಒಮ್ಮೆ ಹಾಕಿ ನೋಡಿ ಹೇಳುತ್ತೇವೆ’ ಎಂಬ ಉತ್ತರ ಬಂದರೆ ಡ್ರೈವನ್ನು ಮರಳಿ ಚೀಲಕ್ಕೆ ಹಾಕಿಕೊಂಡು ಬನ್ನಿ. ಇಂಥ ಕೆಲಸಕ್ಕೆ ಸೋಸಿದ ಗಾಳಿ ಹರಿಯುವ ಕ್ಲೀನ್ ಬೆಂಚ್, ಸೂಕ್ಷ್ಮದರ್ಶಕ, ಹೆಡ್‌ಗಳನ್ನು ಒಂದಕ್ಕೊಂದು ತಾಗದಂತೆ ಹೊರತೆಗೆಯುವ ಸಲಕರಣೆ, ಮತ್ತು ಯಾವ ಹೆಡ್‌ನಿಂದ ಓದಬೇಕು, ಎಷ್ಟು ಬಾರಿ ಯತ್ನಿಸಬೇಕು ಎಂಬುದನ್ನು ಹೊರಗಿನಿಂದ ನಿಯಂತ್ರಿಸುವ ಯಂತ್ರ ಬೇಕು. ಬದಲಿ ಹೆಡ್‌ಗಳನ್ನು ತೆಗೆದುಕೊಳ್ಳುವ ದಾನಿ ಡ್ರೈವ್ ಎಲ್ಲಿಂದ ತರುತ್ತಾರೆ, ಅದು ಹೊಂದದಿದ್ದರೆ ಏನು, ಡೇಟಾ ಸಿಗದಿದ್ದರೆ ಯಾವುದಕ್ಕೆ ಹಣ ಕೊಡಬೇಕು, ಕೆಲಸ ಬೇಡವೆಂದರೆ ಡ್ರೈವ್ ಯಾವ ಸ್ಥಿತಿಯಲ್ಲಿ ಮರಳುತ್ತದೆ ಎಂಬುದನ್ನು ಬರೆಹದಲ್ಲಿ ಪಡೆದುಕೊಳ್ಳಿ. ಗೀರು ಬಿದ್ದ ತಟ್ಟೆಯನ್ನು ನೋಡುವ ಮೊದಲೇ ಪೂರ್ತಿ ಡೇಟಾ ತೆಗೆದುಕೊಡುತ್ತೇವೆ ಎಂದು ಭರವಸೆ ಕೊಡುವವರನ್ನು ನಂಬಬೇಕಾಗಿಲ್ಲ.

ಕೊರಿಯರ್‌ನಲ್ಲಿ ಕಳಿಸುವುದಾದರೆ ಡ್ರೈವನ್ನು ಆಂಟಿಸ್ಟ್ಯಾಟಿಕ್ ಚೀಲದಲ್ಲಿಟ್ಟು, ಎಲ್ಲ ಕಡೆಗೂ ಕನಿಷ್ಠ ಐದು ಸೆಂಟಿಮೀಟರ್ ಸ್ಪಂಜು ಅಥವಾ ಬಬಲ್ ಹಾಳೆ ಬರುವಂತೆ, ಒಳಗೆ ಅಲುಗಾಡದ ಹಾಗೆ ಪೆಟ್ಟಿಗೆ ಕಟ್ಟಿ. ಪ್ಲಾಸ್ಟಿಕ್ ಕವಚ ಬಿಚ್ಚಬೇಡಿ. ಹಲವು ಪೋರ್ಟಬಲ್ ಡ್ರೈವ್‌ಗಳಲ್ಲಿ ಯುಎಸ್‌ಬಿ ಸಾಕೆಟ್ ಡ್ರೈವ್‌ನ ಬೋರ್ಡ್‌ಗೇ ಬೆಸೆದಿರುತ್ತದೆ, ಕೆಲವು ಡೇಟಾವನ್ನು ಆ ಬೋರ್ಡ್‌ನಲ್ಲಿಯೇ ಎನ್‌ಕ್ರಿಪ್ಟ್ ಮಾಡುತ್ತವೆ, ಹಾಗಾಗಿ ಬೋರ್ಡ್ ಕೂಡ ಡ್ರೈವ್‌ನ ಜೊತೆಗೇ ಹೋಗಬೇಕು. ನೀವು ಬರೆದಿಟ್ಟ ವಿವರ ಮತ್ತು ಫೋಲ್ಡರ್‌ಗಳ ಪಟ್ಟಿಯನ್ನೂ ಪೆಟ್ಟಿಗೆಯೊಳಗೆ ಹಾಕಿ. ದಾನಿ ಹೆಡ್‌ಗಳು ಎಷ್ಟು ಹೊತ್ತು ಬಾಳುತ್ತವೆ ಎಂದು ಮೊದಲೇ ಹೇಳಲಾಗದ ಕಾರಣ, ಲ್ಯಾಬ್‌ನವರು ಮೊದಲ ಗಂಟೆಗಳಲ್ಲಿ ಯಾವ ಭಾಗವನ್ನು ಓದಬೇಕು ಎಂಬುದನ್ನು ಆ ಪಟ್ಟಿ ನೋಡಿಯೇ ನಿರ್ಧರಿಸುತ್ತಾರೆ.

ಫಲಿತಾಂಶ ಬಂದಾಗ ಫೈಲ್‌ಗಳ ಹೆಸರನ್ನಷ್ಟೇ ನೋಡಿ ಒಪ್ಪಬೇಡಿ. ಹೆಸರು, ಗಾತ್ರ ಸರಿಯಾಗಿದ್ದು ಒಳಗೆ ಓದಲಾಗದ ಜಾಗಗಳು ಸೊನ್ನೆಗಳಿಂದ ತುಂಬಿರುವ ಫೈಲ್‌ಗಳು ಇರುತ್ತವೆ. ಅಂಥ ಫೋಟೋದಲ್ಲಿ ಅರ್ಧ ಚಿತ್ರದ ಕೆಳಗೆ ಬೂದು ಬಣ್ಣ ಬರುತ್ತದೆ, ವಿಡಿಯೊ ನಡುವೆ ನಿಲ್ಲುತ್ತದೆ. ಆದ್ಯತೆಯ ಪಟ್ಟಿಯಲ್ಲಿದ್ದ ಫೋಲ್ಡರ್‌ಗಳಿಂದ ಒಂದೊಂದು ಫೈಲ್ ತೆರೆದು ನೋಡಿ, ಓದಲಾಗದ ಭಾಗವಿರುವ ಫೈಲ್‌ಗಳ ಪಟ್ಟಿಯನ್ನು ಲ್ಯಾಬ್‌ನಿಂದ ಕೇಳಿ ಪಡೆಯಿರಿ, ಮತ್ತು ಆ ಪರಿಶೀಲನೆ ಮುಗಿಯುವವರೆಗೆ ಮೂಲ ಡ್ರೈವನ್ನು ವಿಲೇವಾರಿ ಮಾಡಲು ಒಪ್ಪಿಗೆ ಕೊಡಬೇಡಿ.